ಪಲ್ಪ್ ತೆರೆದುಕೊಂಡಾಗ: ಬಯೋಡೆಂಟಿನ್, ಎಂಟಿಎ ಹಾಕುವ ಸರಿಯಾದ ಕ್ರಮ, ಗೆದ್ದಿದೆಯಾ ಎಂದು ತಿಳಿಯುವ ಬಗೆ

ಹೌಸ್ ಸರ್ಜನ್‌ಗಳು ಮತ್ತು ಹೊಸದಾಗಿ ಕ್ಲಿನಿಕ್ ತೆರೆದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮೇಡಂ, ಪಲ್ಪ್ ಓಪನ್ ಆಯ್ತು, ಬಯೋಡೆಂಟಿನ್ ಹಾಕಿದೆ. ಎರಡೇ ವಾರಕ್ಕೆ ಪೇಷಂಟ್ ರಾತ್ರಿ ನೋವು ಅಂತ ವಾಪಸ್ ಬಂದರು. ಮೆಟೀರಿಯಲ್ ಸರಿ ಇರಲಿಲ್ವಾ?"

ಎಕ್ಸ್-ರೇ ನೋಡಿ, ಏನೇನು ಮಾಡಿದಿರಿ ಅಂತ ಒಂದೊಂದಾಗಿ ಕೇಳುತ್ತಾ ಹೋದರೆ ತಪ್ಪು ಬೇರೆ ಕಡೆ ಸಿಗುತ್ತದೆ. ರಬ್ಬರ್ ಡ್ಯಾಮ್ ಹಾಕಿರುವುದಿಲ್ಲ. ರಕ್ತ ಎಷ್ಟು ಹೊತ್ತಿಗೆ ನಿಂತಿತು ಅಂತ ನೋಡಿರುವುದಿಲ್ಲ. ಮೇಲೆ ಟೆಂಪರರಿ ಹಾಕಿ "ಮುಂದಿನ ತಿಂಗಳು ಬನ್ನಿ" ಅಂತ ಕಳಿಸಿರುತ್ತಾರೆ. ಅದಕ್ಕೇ ತೆರೆದ ಪಲ್ಪ್ ಮೇಲೆ ಸಿಮೆಂಟ್ ಇಟ್ಟು ಮುಚ್ಚುವ ಈ ಕ್ಯಾಪಿಂಗ್‌ನ ಇಡೀ ಕೆಲಸವನ್ನು ಒಂದು ಹಲ್ಲಿನ ಜೊತೆ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಮಾತು ಬೇರು ಪೂರ್ತಿ ಬೆಳೆದ ಶಾಶ್ವತ ಹಲ್ಲಿಗೆ ಮಾತ್ರ. ಹಾಲುಹಲ್ಲಿನ ಲೆಕ್ಕ ಬೇರೆ.

ಹಲ್ಲು ಯಾರದೆಂದರೆ, ನರ್ಸಿಂಗ್ ಓದುತ್ತಿದ್ದ 22 ವರ್ಷದ ಹುಡುಗಿಯದು. ಕೆಳಗಿನ ಎಡಗಡೆಯ ಮೊದಲ ದವಡೆ ಹಲ್ಲು, ನಂಬರ್ 36. "ತಣ್ಣೀರು ಕುಡಿದ್ರೆ ಜುಂ ಅನ್ನುತ್ತೆ ಡಾಕ್ಟ್ರೇ, ಆಮೇಲೆ ಹೋಗುತ್ತೆ" ಎಂದಳು. ಹೀಗೆ ಶುರುವಾಗಿ ಎರಡು ತಿಂಗಳಾಗಿತ್ತು. ರಾತ್ರಿ ಎಚ್ಚರವಾಗುವಂಥ ನೋವು ಇರಲಿಲ್ಲ.

## ಶುರು ಮಾಡುವ ಮುಂಚೆ ಟ್ರೇಯಲ್ಲಿ ಏನಿರಬೇಕು

ಪಲ್ಪ್ ತೆರೆದ ಮೇಲೆ ಸಾಮಾನು ಹುಡುಕುವ ಹಾಗಿಲ್ಲ. ರಬ್ಬರ್ ಡ್ಯಾಮ್ ಮತ್ತು ಕ್ಲ್ಯಾಂಪ್, ತಣ್ಣನೆ ಪರೀಕ್ಷೆಗೆ ಕೋಲ್ಡ್ ಸ್ಪ್ರೇ, ಲೂಪ್ಸ್ ಅಥವಾ ಮೈಕ್ರೋಸ್ಕೋಪ್ ಬೇಕು. ಸ್ಟೆರೈಲ್ ಮಾಡಿದ ದುಂಡನೆಯ ಬರ್ ಕನಿಷ್ಠ ಎರಡು ಇರಲಿ, ಜೊತೆಗೆ ಹೈಸ್ಪೀಡ್‌ಗೆ ಒಂದು ಸ್ಟೆರೈಲ್ ಡೈಮಂಡ್ ಬರ್. ಸ್ಪೂನ್ ಎಕ್ಸ್‌ಕವೇಟರ್, ಸ್ಟೆರೈಲ್ ಹತ್ತಿ ಉಂಡೆ, 2.5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್, ಸಲೈನ್ ಹತ್ತಿರವೇ ಇರಲಿ. ನಿಮ್ಮಲ್ಲಿರುವುದು 5 ಶೇಕಡಾ ಬಾಟಲಿಯಾದರೆ ಅಷ್ಟೇ ಪ್ರಮಾಣದ ಸ್ಟೆರೈಲ್ ನೀರು ಬೆರೆಸಿದರೆ ಆಯಿತು.

ಸಿಮೆಂಟ್, ಅದನ್ನು ಕಲಸುವ ಅಮಾಲ್ಗಮೇಟರ್, ಮೇಲಿನ ಫಿಲ್ಲಿಂಗ್‌ಗೆ ಬೇಕಾದ್ದು ಎಲ್ಲವೂ ಅದೇ ದಿನಕ್ಕೆ ಸಿದ್ಧವಿರಬೇಕು. ಇನ್ನೊಂದು ಸಾಧನವನ್ನು ಬಹಳ ಜನ ಮರೆಯುತ್ತಾರೆ: ಗಡಿಯಾರ.

## ಹಂತ 1: ಪಲ್ಪ್ ಎಷ್ಟು ಕೆರಳಿದೆ ನೋಡಿ

ಅರಿವಳಿಕೆ ಕೊಡುವ ಮುಂಚೆ ಇದು ಮುಗಿದಿರಬೇಕು. ಮೊದಲು ಚೆನ್ನಾಗಿರುವ ಪಕ್ಕದ ಹಲ್ಲಿಗೆ ಕೋಲ್ಡ್ ಸ್ಪ್ರೇ ಹಾಕಿದ ಹತ್ತಿ ಇಡಿ. ಆ ರೋಗಿಗೆ ಮಾಮೂಲಿ ಅನುಭವ ಯಾವುದು ಅಂತ ನಿಮಗೂ ಅವರಿಗೂ ಗೊತ್ತಾಗುತ್ತದೆ. ಆಮೇಲೆ ತೊಂದರೆಯ ಹಲ್ಲಿಗೆ ಇಡಿ. ಹತ್ತಿ ತೆಗೆದ ಮೇಲೆ ಜುಂ ಅನ್ನುವುದು ಎಷ್ಟು ಸೆಕೆಂಡ್ ಉಳಿಯುತ್ತದೆ ಅಂತ ಎಣಿಸಿ ಬರೆದುಕೊಳ್ಳಿ. ನಂತರ ಕನ್ನಡಿಯ ಹಿಡಿಯಿಂದ ಹಲ್ಲನ್ನು ಮೆಲ್ಲಗೆ ತಟ್ಟಿ ನೋಡಿ. ವಸಡಿನಲ್ಲಿ ಊತವಾಗಲಿ ಕೀವಿನ ಗುಳ್ಳೆಯಾಗಲಿ ಇದೆಯಾ ಹುಡುಕಿ.

ನಮ್ಮ ಹುಡುಗಿಗೆ 35ನೇ ಹಲ್ಲಿನಲ್ಲಿ ಹತ್ತಿ ತೆಗೆದ ಕೂಡಲೇ ಮಾಯ. 36ರಲ್ಲಿ ಜೋರಾಗಿ ಬಂತು, ನಾಲ್ಕೈದು ಸೆಕೆಂಡ್ ಉಳಿದು ಹೋಯಿತು. ತಟ್ಟಿದರೆ ನೋವಿಲ್ಲ. ಅಂದರೆ ಪಲ್ಪ್ ಕೆರಳಿದೆ, ಆದರೆ ಸುಧಾರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ.

ತಣ್ಣಗೆ ಇಟ್ಟರೆ ಏನೂ ಗೊತ್ತಾಗುವುದಿಲ್ಲ, ತಟ್ಟಿದರೆ ಮಾತ್ರ ನೋವು ಅಂದರೆ ಅಲ್ಲಿಗೇ ನಿಲ್ಲಿಸಿ. ಬದುಕಿಲ್ಲದ ಪಲ್ಪ್‌ಗೆ ಕ್ಯಾಪಿಂಗ್ ಇಲ್ಲ. ತಾನಾಗಿ ಬರುವ ನೋವು, ನಿದ್ದೆ ಕೆಡಿಸುವ ನೋವು ಇದ್ದರೂ ಬರೀ ಕ್ಯಾಪಿಂಗ್‌ನ ಯೋಚನೆ ಬಿಡಿ. ಈಗ ಅಂಥ ಹಲ್ಲುಗಳಲ್ಲೂ ಕಿರೀಟದ ಭಾಗದ ಪಲ್ಪ್ ಪೂರ್ತಿ ತೆಗೆದು ಬೇರಿನ ಪಲ್ಪ್ ಉಳಿಸುವ ಪಲ್ಪಾಟಮಿ ಮಾಡುತ್ತಿದ್ದಾರೆ, ಫಲಿತಾಂಶವೂ ಒಳ್ಳೆಯದೇ ಇದೆ. ಕೈ ಪಳಗುವ ತನಕ ಅಂಥ ಹಲ್ಲಿನಿಂದ ಶುರು ಮಾಡಬೇಡಿ ಅಷ್ಟೇ.

## ಹಂತ 2: ಎಕ್ಸ್-ರೇ ನೋಡಿ, ಪಲ್ಪ್ ತೆರೆಯುವುದು ಬೇಕಾ ಅಂತ ಯೋಚಿಸಿ

ಎಷ್ಟೋ ಎಕ್ಸ್‌ಪೋಷರ್‌ಗಳು ಆಗಲೇಬೇಕಾಗಿರಲಿಲ್ಲ. ಬೈಟ್‌ವಿಂಗ್ ಮತ್ತು ಐಒಪಿಎ ಎರಡನ್ನೂ ತೆಗೆದು, ಹುಳುಕಿಗೂ ಪಲ್ಪ್‌ಗೂ ನಡುವೆ ಬೆಳ್ಳಗಿನ ಡೆಂಟಿನ್ ಗೆರೆ ಉಳಿದಿದೆಯಾ ನೋಡಿ. ಗೆರೆ ಕಂಡರೆ, ಅದು ತೆಳ್ಳಗಿದ್ದರೂ ಸರಿ, ಪಲ್ಪ್ ಮೇಲಿನ ಮೆತ್ತನೆ ಡೆಂಟಿನ್ ಅಲ್ಲೇ ಬಿಡಿ. ಸುತ್ತಲಿನ ಅಂಚು ಮಾತ್ರ ಗಟ್ಟಿ ಸಿಗುವ ತನಕ ಸ್ವಚ್ಛ ಮಾಡಿ ಬಿಗಿಯಾಗಿ ಮುಚ್ಚಿ. ಒಳಗೆ ಉಳಿದ ಬ್ಯಾಕ್ಟೀರಿಯಾಕ್ಕೆ ಆಹಾರ ಸಿಗದೆ ಹುಳುಕು ನಿಲ್ಲುತ್ತದೆ. "ಎಲ್ಲ ಕ್ಲೀನ್ ಮಾಡಬೇಕು" ಅಂತ ಕೆದಕಿ ಪಲ್ಪ್ ತೆರೆದು, ಆಮೇಲೆ ದುಬಾರಿ ಸಿಮೆಂಟ್ ಹಾಕುವುದು ರೋಗಿಗೆ ನಷ್ಟ.

36ರಲ್ಲಿ ಆ ಗೆರೆ ಕಾಣಲಿಲ್ಲ. ಮುಂದಿನ ಪಲ್ಪ್ ಹಾರ್ನ್‌ನ ತನಕ ಕಪ್ಪು ಹೋಗಿತ್ತು. ಹುಳುಕು ಡೆಂಟಿನ್‌ನ ಪೂರ್ತಿ ದಪ್ಪ ದಾಟಿದ ಇಂಥ ಹಲ್ಲಿನಲ್ಲಿ ಪಲ್ಪ್ ತೆರೆದುಕೊಳ್ಳುತ್ತದೆ ಅಂತಲೇ ಸಿದ್ಧರಾಗಿರಬೇಕು. ಬೇರಿನ ತುದಿಯಲ್ಲಿ ಕಪ್ಪು ಇರಲಿಲ್ಲ, ಲಿಗಮೆಂಟ್ ಗೆರೆ ಸಮವಾಗಿತ್ತು.

ರೋಗಿಗೆ ಈಗಲೇ ಹೇಳಿ: ಪಲ್ಪ್ ಹೇಗಿದೆ ಅಂತ ಒಳಗೆ ನೋಡಿದ ಮೇಲೆ ಗೊತ್ತಾಗುತ್ತದೆ, ಇವತ್ತೇ ರೂಟ್ ಕೆನಾಲ್‌ಗೆ ಹೋಗಬೇಕಾಗಬಹುದು. ಮಧ್ಯದಲ್ಲಿ ಹೇಳಿದರೆ ನೀವು ಕೆಡಿಸಿದಿರಿ ಅಂತ ಅನ್ನಿಸುತ್ತದೆ.

## ಹಂತ 3: ರಬ್ಬರ್ ಡ್ಯಾಮ್, ಮತ್ತೆ ಹುಳುಕು ತೆಗೆಯುವ ಕ್ರಮ

ಅರಿವಳಿಕೆ ನರದ ಬ್ಲಾಕ್ ಆಗಿರಲಿ. ಹಲ್ಲಿನ ಲಿಗಮೆಂಟ್‌ಗೆ, ಪಲ್ಪ್‌ನ ಒಳಗೆ ಚುಚ್ಚಬೇಡಿ. ಅದರಲ್ಲಿರುವ ಅಡ್ರಿನಲಿನ್ ಪಲ್ಪ್‌ನ ರಕ್ತವನ್ನೇ ತಡೆಯುತ್ತದೆ. ಮುಂದೆ ನಾವು ಆ ರಕ್ತವನ್ನೇ ನೋಡಿ ತೀರ್ಮಾನ ಮಾಡಬೇಕು, ಅಲ್ವಾ?

ಹುಳುಕು ಮುಟ್ಟುವ ಮುಂಚೆ ಡ್ಯಾಮ್ ಹಾಕಿ. "ಪಲ್ಪ್ ಓಪನ್ ಆದರೆ ಆಗ ಹಾಕೋಣ" ಅನ್ನುವುದು ತಪ್ಪು. ತೆರೆದ ಕ್ಷಣದಲ್ಲೇ ಎಂಜಲು ಒಳಗೆ ಹೋಗಿರುತ್ತದೆ. ಡ್ಯಾಮ್ ಹಾಕಿ ಹಲ್ಲಿನ ಮೇಲ್ಮೈಯನ್ನು ಹೈಪೋಕ್ಲೋರೈಟ್‌ನಲ್ಲಿ ಒರೆಸಿ.

ಮೊದಲು ಸುತ್ತಲಿನ ಗೋಡೆಗಳು, ಎನಾಮಲ್ ಡೆಂಟಿನ್ ಸೇರುವ ಜಾಗ ಪೂರ್ತಿ ಗಟ್ಟಿಯಾಗುವ ತನಕ ಸ್ವಚ್ಛವಾಗಲಿ. ಪಲ್ಪ್ ಹತ್ತಿರದ ಭಾಗ ಕೊನೆಗೆ. ಅಲ್ಲಿಗೆ ಹೋಗುವ ಮುಂಚೆ ಬರ್ ಬದಲಿಸಿ. ಕೊಳೆತ ಡೆಂಟಿನ್ ಕೆರೆದ ಬರ್‌ನಿಂದಲೇ ಪಲ್ಪ್ ಮುಟ್ಟಿದರೆ ಸೋಂಕನ್ನು ನಾವೇ ಕೈಯಾರೆ ಒಳಗೆ ಕಳಿಸಿದ ಹಾಗೆ. ಕೆಲಸ ಮಾಡುತ್ತಿರುವಾಗ ಹೈಪೋಕ್ಲೋರೈಟ್ ಹತ್ತಿಯಿಂದ ಆಗಾಗ ಒರೆಸುತ್ತಿರಿ. ತೆರೆದ ಮೇಲೆ ಗಾಳಿ ಊದಬೇಡಿ.

36ರಲ್ಲಿ ಮುಂದಿನ ಹಾರ್ನ್ ಹತ್ತಿರ ಸುಮಾರು 1 ಮಿಲಿಮೀಟರ್ ಅಗಲಕ್ಕೆ ತೆರೆಯಿತು. ಕೆಂಪನೆ ರಕ್ತ ಬಂತು. ಅದು ಒಳ್ಳೆಯ ಗುರುತು. ರಕ್ತವೇ ಬರದೆ ಹಳದಿ ಅಥವಾ ಬೂದು ಬಣ್ಣದ ಸತ್ತ ಅಂಗಾಂಶ ಕಂಡರೆ ಆ ಭಾಗ ಸತ್ತಿದೆ. ಕೀವು ಬಂದರೆ ಕ್ಯಾಪಿಂಗ್ ಮಾತು ಮುಗಿಯಿತು.

## ಹಂತ 4: ರಕ್ತ ನಿಲ್ಲುವ 5 ನಿಮಿಷ

ಇಡೀ ಚಿಕಿತ್ಸೆ ನಿಂತಿರುವುದು ಇಲ್ಲೇ. ಹತ್ತಿ ಉಂಡೆಯನ್ನು 2.5 ಶೇಕಡಾ ಹೈಪೋಕ್ಲೋರೈಟ್‌ನಲ್ಲಿ ಅದ್ದಿ, ಸ್ವಲ್ಪ ಹಿಂಡಿ, ತೆರೆದ ಜಾಗದ ಮೇಲೆ ಇಡಿ. ಒತ್ತಬೇಡಿ. ಗಡಿಯಾರ ನೋಡಿ. ಒಂದೆರಡು ನಿಮಿಷಕ್ಕೊಮ್ಮೆ ಹೊಸ ಹತ್ತಿ ಹಾಕಿ.

ಹೈಪೋಕ್ಲೋರೈಟ್ ಪಲ್ಪ್ ಸುಡುವುದಿಲ್ಲವಾ ಅಂತ ಕೇಳುತ್ತಾರೆ. ಇಷ್ಟು ಹೊತ್ತಿಗೆ ಅದರ ಕೆಲಸ ಮೇಲ್ಮೈಯಲ್ಲೇ ಮುಗಿಯುತ್ತದೆ. ಹೆಪ್ಪುಗಟ್ಟಿದ ರಕ್ತ, ಡೆಂಟಿನ್ ಚೂರು, ಸತ್ತ ಅಂಗಾಂಶ ಕರಗುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ, ಕೆಳಗಿನ ಜೀವಂತ ಪಲ್ಪ್ ಉಳಿಯುತ್ತದೆ. ಸಲೈನ್‌ಗೆ ಈ ಶಕ್ತಿ ಇಲ್ಲ. ಒಣ ಹತ್ತಿಯಂತೂ ಬೇಡವೇ ಬೇಡ. ಅದು ಹೆಪ್ಪಿಗೆ ಅಂಟಿಕೊಂಡು, ತೆಗೆಯುವಾಗ ಮತ್ತೆ ರಕ್ತ ಬರಿಸುತ್ತದೆ.

ರಕ್ತ ನಿಲ್ಲಿಸಲು ಫೆರಿಕ್ ಸಲ್ಫೇಟ್, ಅಡ್ರಿನಲಿನ್ ಹಾಕಬೇಡಿ. ಉರಿಯೂತ ಜಾಸ್ತಿ ಇರುವ ಕಡೆ ರಕ್ತನಾಳಗಳು ಹಿಗ್ಗಿರುತ್ತವೆ, ರಕ್ತ ಬೇಗ ನಿಲ್ಲುವುದಿಲ್ಲ. ಆ ಸುದ್ದಿಯನ್ನು ಪಲ್ಪ್ ನಮಗೆ ಹೇಳುತ್ತಿರುತ್ತದೆ. ಔಷಧಿ ಹಾಕಿ ಅದರ ಬಾಯಿ ಮುಚ್ಚಿಸಿದರೆ ಕೆಟ್ಟ ಪಲ್ಪ್ ಮೇಲೆಯೇ ಸಿಮೆಂಟ್ ಕೂರುತ್ತದೆ. ಎರಡು ವಾರಕ್ಕೆ ರಾತ್ರಿ ನೋವು ಅಂತ ಬರುವವರಲ್ಲಿ ಹೆಚ್ಚಿನವರ ಕಥೆ ಇದೇ.

ರಕ್ತ ಸುಮಾರು 5 ನಿಮಿಷದೊಳಗೆ ನಿಂತರೆ ಕ್ಯಾಪಿಂಗ್ ಮಾಡಬಹುದು. ನಿಲ್ಲದಿದ್ದರೆ ಕಾಯುತ್ತಾ ಕೂರಬೇಡಿ. ಸ್ಟೆರೈಲ್ ಡೈಮಂಡ್ ಬರ್‌ನಿಂದ ಹೈಸ್ಪೀಡ್‌ನಲ್ಲಿ, ನೀರು ಚೆನ್ನಾಗಿ ಬಿಟ್ಟು, ಪಲ್ಪ್‌ನ ಮೇಲಿನ 2 ಮಿಲಿಮೀಟರ್ ಕತ್ತರಿಸಿ ತೆಗೆಯಿರಿ. ಸ್ಪೂನ್‌ನಿಂದ ಕಿತ್ತರೆ ಕೆಳಗಿನ ಪಲ್ಪ್ ಹರಿಯುತ್ತದೆ. ಮತ್ತೆ ಹೈಪೋಕ್ಲೋರೈಟ್ ಹತ್ತಿ, ಮತ್ತೆ ಗಡಿಯಾರ. ಇದು ಪಾರ್ಷಿಯಲ್ ಪಲ್ಪಾಟಮಿ. ಆಗಲೂ ನಿಲ್ಲದಿದ್ದರೆ ಕೆನಾಲ್ ಬಾಯಿಗಳ ತನಕ ಪಲ್ಪ್ ತೆಗೆದು ಪ್ರತಿಯೊಂದು ಬಾಯಿಯನ್ನೂ ಬೇರೆ ಬೇರೆಯಾಗಿ ನೋಡಿ. ಅಲ್ಲೂ ರಕ್ತ ಹರಿಯುತ್ತಲೇ ಇದ್ದರೆ ರೂಟ್ ಕೆನಾಲ್.

ರಕ್ತ ನಿಲ್ಲುವ ಹೊತ್ತು ತಪ್ಪೇ ಮಾಡದ ಅಳತೆಯಲ್ಲ. ಆದರೂ ಕುರ್ಚಿಯ ಪಕ್ಕದಲ್ಲಿ ನಮಗೆ ಸಿಗುವ ಅಳತೆಗಳಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ. 36ರಲ್ಲಿ 5 ನಿಮಿಷವಾದರೂ ಹತ್ತಿ ತೆಗೆದ ಕೂಡಲೇ ರಕ್ತ ಜಿನುಗುತ್ತಿತ್ತು. ಎಕ್ಸ್‌ಪೋಷರ್ ಸಣ್ಣದಿತ್ತು, "ಇನ್ನೊಂದೆರಡು ನಿಮಿಷ ನೋಡಿ ಕ್ಯಾಪ್ ಮಾಡೋಣ" ಅಂತ ಅನ್ನಿಸಿದ್ದು ನಿಜ. ಮಾಡಲಿಲ್ಲ. 2 ಮಿಲಿಮೀಟರ್ ತೆಗೆದೆ. ಈ ಸಲ 3 ನಿಮಿಷಕ್ಕೆ ಪೂರ್ತಿ ನಿಂತಿತು. ಕೆಳಗೆ ತಿಳಿ ಗುಲಾಬಿ ಬಣ್ಣದ, ಒಟ್ಟಾಗಿ ನಿಂತ ಪಲ್ಪ್ ಕಂಡಿತು.

## ಹಂತ 5: ಸಿಮೆಂಟ್ ಹಾಕುವುದು

ಮೊದಲು ಸಲೈನ್‌ನಲ್ಲಿ ಹೈಪೋಕ್ಲೋರೈಟ್ ತೊಳೆದು, ಒದ್ದೆ ಹತ್ತಿಯಿಂದ ತೇವ ಒತ್ತಿ ತೆಗೆಯಿರಿ. ಪಲ್ಪ್ ಮೇಲೆ ರಕ್ತದ ಹೆಪ್ಪು ಇರಬಾರದು. ಸಿಮೆಂಟ್ ನೇರವಾಗಿ ಪಲ್ಪ್‌ಗೆ ತಾಗಬೇಕು.

ಬಯೋಡೆಂಟಿನ್, ಎಂಟಿಎ ಎರಡರಲ್ಲೂ ಇರುವ ಕ್ಯಾಲ್ಸಿಯಂ ಸಿಲಿಕೇಟ್ ನೀರಿನ ಜೊತೆ ಸೇರಿ ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹುಟ್ಟುತ್ತದೆ. ಪಿಎಚ್ 12ರ ಹತ್ತಿರ ಹೋಗುತ್ತದೆ. ಪಲ್ಪ್‌ನ ಮೇಲ್ಪದರ ಅದಕ್ಕೆ ಪ್ರತಿಕ್ರಿಯಿಸಿ, ಅದರ ಕೆಳಗಿನ ಜೀವಕೋಶಗಳು ಡೆಂಟಿನ್ ಬ್ರಿಡ್ಜ್ ಅನ್ನುವ ಹೊಸ ಗಟ್ಟಿ ಪದರ ಕಟ್ಟಲು ತೊಡಗುತ್ತವೆ. ಹಳೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟೂ ಇದನ್ನೇ ಮಾಡುತ್ತಿತ್ತು, ಆದರೆ ನಿಧಾನವಾಗಿ ಕರಗಿ ಕೆಳಗೆ ಖಾಲಿ ಜಾಗ ಬಿಡುತ್ತಿತ್ತು. ಈ ಸಿಮೆಂಟ್ ಹಾಗೆ ಕರಗದೆ ಮುಚ್ಚಳವಾಗಿ ಉಳಿಯುತ್ತದೆ. ಹಿಲ್ಟನ್ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವರ್ಷದೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸುಮಾರು 31 ಶೇಕಡಾ ಸೋತಿತು, ಎಂಟಿಎ ಸುಮಾರು 20 ಶೇಕಡಾ. ವ್ಯತ್ಯಾಸ ಇದೆ. ಆದರೆ ಎಂಟಿಎ ಹಾಕಿದ ಐದರಲ್ಲಿ ಒಂದು ಸೋತಿದೆ ಅನ್ನುವುದನ್ನೂ ನೋಡಿ. ಒಳ್ಳೆ ಸಿಮೆಂಟ್ ಒಂದೇ ಹಲ್ಲು ಉಳಿಸುವುದಿಲ್ಲ.

ಬಯೋಡೆಂಟಿನ್ ಆದರೆ ಕ್ಯಾಪ್ಸೂಲ್ ಮೆಲ್ಲಗೆ ತಟ್ಟಿ ಪುಡಿ ಸಡಿಲ ಮಾಡಿ, 5 ಹನಿ ದ್ರವ ಹಾಕಿ, ಅಮಾಲ್ಗಮೇಟರ್‌ನಲ್ಲಿ 30 ಸೆಕೆಂಡ್ ಓಡಿಸಿ. ಹನಿಗಳ ಜೊತೆ ಗಾಳಿಗುಳ್ಳೆ ಬಂದರೆ ಲೆಕ್ಕ ತಪ್ಪುತ್ತದೆ. ನೀರಾದರೆ ಗಟ್ಟಿಯಾಗುವುದು ತಡ, ಒಣಗಿದರೆ ಪುಡಿಪುಡಿ. ರೊಟ್ಟಿ ಹಿಟ್ಟಿನ ಹದದಲ್ಲಿ, ಉಂಡೆ ಕಟ್ಟಿದರೆ ನಿಲ್ಲುವಂತಿರಬೇಕು. ಪಲ್ಪ್ ಮೇಲೆ ಇಟ್ಟು ಒದ್ದೆ ಹತ್ತಿಯಿಂದ ಮೆಲ್ಲಗೆ ಕೂರಿಸಿ. ದಪ್ಪ ಕನಿಷ್ಠ 2 ಮಿಲಿಮೀಟರ್ ಇರಲಿ, ಸುತ್ತಲಿನ ಡೆಂಟಿನ್ ಮೇಲೂ ಒಂದೂವರೆ ಎರಡು ಮಿಲಿಮೀಟರ್ ಹರಡಲಿ. ಹಳೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟ್ ಡೈಕಾಲ್‌ನ ಅಭ್ಯಾಸದಲ್ಲಿ ಚುಕ್ಕಿಯಷ್ಟು ಇಟ್ಟು ಬಿಡುವುದನ್ನು ಬಹಳ ನೋಡಿದ್ದೇನೆ. ಅದು ಸಾಲದು. ಗಟ್ಟಿಯಾಗಲು 12 ನಿಮಿಷ ಬಿಡಿ. ಅಷ್ಟರಲ್ಲಿ ನೀರು ಹಾಯಿಸಿದರೆ ತೊಳೆದು ಹೋಗುತ್ತದೆ.

ಎಂಟಿಎ ಆದರೆ ಪುಡಿ ಮೂರು ಪಾಲಿಗೆ ನೀರು ಒಂದು ಪಾಲು. ಮೂಲ ಎಂಟಿಎ ಪೂರ್ತಿ ಗಟ್ಟಿಯಾಗಲು ಎರಡೂಮುಕ್ಕಾಲು ಗಂಟೆ ಬೇಕು. ಬಾಯಿಯ ಮುಂಭಾಗದ ಹಲ್ಲಿಗೆ ಬಿಸ್ಮತ್ ಆಕ್ಸೈಡ್ ಇರುವ ಎಂಟಿಎ ಬೇಡ. ಹೈಪೋಕ್ಲೋರೈಟ್, ರಕ್ತ ತಾಗಿದರೆ ಹಲ್ಲು ಕಪ್ಪಾಗುತ್ತದೆ. ರೆಸಿನ್ ಸೇರಿದ ಲೈಟ್ ಕ್ಯೂರ್ ಬಗೆಯವನ್ನು ತೆರೆದ ಪಲ್ಪ್ ಮೇಲೆ ನಾನು ಹಾಕುವುದಿಲ್ಲ.

## ಹಂತ 6: ಅದೇ ದಿನ ಗಟ್ಟಿ ಫಿಲ್ಲಿಂಗ್

ನನ್ನ ಮೊದಲ ವರ್ಷಗಳಲ್ಲಿ ಒಂದು ಹಲ್ಲು ಕಳೆದುಕೊಂಡೆ. ರಕ್ತ ಬೇಗ ನಿಂತಿತ್ತು, ಸಿಮೆಂಟ್ ಚೆನ್ನಾಗಿ ಕೂತಿತ್ತು. ಮೇಲೆ ಟೆಂಪರರಿ ಹಾಕಿ ವಾರ ಬಿಟ್ಟು ಬನ್ನಿ ಅಂದೆ. ರೋಗಿ ಬಂದಿದ್ದು ಏಳು ವಾರದ ಮೇಲೆ, ಮುಖ ಊದಿಸಿಕೊಂಡು. ಟೆಂಪರರಿ ಅರ್ಧ ಸವೆದು ಅಂಚಿನಲ್ಲಿ ಸಂದಿ ಬಿದ್ದಿತ್ತು. ಆ ತಪ್ಪು ಪೂರ್ತಿ ನನ್ನದು. ಮೆಂಟೆ ಮತ್ತು ಜೊತೆಗಾರರ ಅಧ್ಯಯನದಲ್ಲೂ ಇದೇ ಕಂಡಿದೆ: ಕ್ಯಾಪಿಂಗ್ ಆಗಿ ಎರಡು ದಿನ ಕಳೆದ ಮೇಲೆ ಶಾಶ್ವತ ಫಿಲ್ಲಿಂಗ್ ಆದ ಹಲ್ಲುಗಳು ಜಾಸ್ತಿ ಸೋತಿವೆ.

ಬಯೋಡೆಂಟಿನ್ 12 ನಿಮಿಷ ಕಾದ ಮೇಲೆ ಅದರ ಮೇಲೆ ತೆಳ್ಳಗೆ ರೆಸಿನ್ ಮಾಡಿಫೈಡ್ ಗ್ಲಾಸ್ ಅಯಾನಮರ್ ಹಾಕಿ, ನಂತರ ಕಾಂಪೋಸಿಟ್ ಕಟ್ಟಿ. ಎಂಟಿಎ ಮೇಲೂ ಹೀಗೆಯೇ, ಅದನ್ನು ಕದಲಿಸದೆ. ಎಚ್ಚಿಂಗ್ ಆಸಿಡ್ ಎನಾಮಲ್ ಅಂಚಿಗೆ ಮಾತ್ರ ಹಚ್ಚಿ. ಕೊನೆಗೆ ಕಚ್ಚಿಸಿ ನೋಡಿ, ಎತ್ತರ ಇದ್ದರೆ ಇಳಿಸಿ.

ಡ್ಯಾಮ್ ತೆಗೆದ ಮೇಲೆ ಹೋಲ್ಡರ್ ಹಾಕಿ ಐಒಪಿಎ ತೆಗೆಯಲೇಬೇಕು. ಮುಂದಿನ ಎಲ್ಲ ಫಿಲ್ಮ್‌ಗಳನ್ನೂ ಇದರ ಜೊತೆ ಹೋಲಿಸುತ್ತೀರಿ. ಬಯೋಡೆಂಟಿನ್ ಎಕ್ಸ್-ರೇಯಲ್ಲಿ ಡೆಂಟಿನ್‌ನಷ್ಟೇ ಮಂಕಾಗಿ ಕಾಣುತ್ತದೆ. ಎಲ್ಲಿ, ಎಷ್ಟು ದಪ್ಪ ಹಾಕಿದಿರಿ ಅಂತ ಕಾರ್ಡಿನಲ್ಲಿ ಬರೆಯಿರಿ. ಇಲ್ಲದಿದ್ದರೆ ಇನ್ನೊಬ್ಬರು ನೋಡಿ "ಒಳಗೆ ಹುಳುಕು ಬಿಟ್ಟಿದ್ದಾರೆ" ಅಂತ ಮತ್ತೆ ತೆರೆಯುತ್ತಾರೆ.

## ಹಂತ 7: ಮೊದಲ ವಾರದ ನೋವು

ಎರಡು ಮೂರು ದಿನ ಸ್ವಲ್ಪ ನೋವು, ಕೆಲವು ವಾರ ತಣ್ಣಗಿನದಕ್ಕೆ ಸ್ವಲ್ಪ ಜುಂ ಅನ್ನುವುದು ಆಗಬಹುದು. ದಿನ ಕಳೆದಂತೆ ಇಳಿಯುತ್ತಿದ್ದರೆ ಸಾಮಾನ್ಯ ನೋವಿನ ಮಾತ್ರೆ ಸಾಕು. ಆಂಟಿಬಯಾಟಿಕ್ ಬೇಡ, ಪಲ್ಪ್‌ನ ಉರಿಯೂತಕ್ಕೆ ಅದರಿಂದ ಉಪಯೋಗವಿಲ್ಲ.

ನೋವು ದಿನದಿಂದ ದಿನಕ್ಕೆ ಏರುವುದು, ತಾನಾಗಿ ಬರುವುದು, ಬಿಸಿ ಕಾಫಿಗೆ ಹೆಚ್ಚಾಗಿ ತಣ್ಣೀರಿಗೆ ಇಳಿಯುವುದು, ಕಚ್ಚಿದರೆ ತಡೆಯಲಾಗದಿರುವುದು ಸೋಲಿನ ಗುರುತು. ಕಚ್ಚಿದರೆ ಮಾತ್ರ ನೋವಿದ್ದರೆ ಮೊದಲು ಫಿಲ್ಲಿಂಗ್ ಎತ್ತರ ನೋಡಿ. ಮೊದಲ ವಾರಗಳಲ್ಲೇ ಸೋತರೆ ಹಂತ 1 ಅಥವಾ 4ರಲ್ಲಿ ಪಲ್ಪ್‌ನ ಸ್ಥಿತಿಯನ್ನು ತಪ್ಪಾಗಿ ಓದಿದ್ದೀರಿ ಅಂತ ಹುಡುಕಿ. ಒಂದೆರಡು ವರ್ಷದ ಮೇಲೆ ಸೋತರೆ ಫಿಲ್ಲಿಂಗ್ ಅಂಚಿನ ಸೋರಿಕೆಯನ್ನು ಮೊದಲು ಹುಡುಕಿ.

## ಹಂತ 8: ಗೆದ್ದಿದೆಯಾ ಅಂತ ನೋಡುವುದು

6 ತಿಂಗಳು, 12 ತಿಂಗಳು, ಆಮೇಲೆ ವರ್ಷಕ್ಕೊಮ್ಮೆ, ಕನಿಷ್ಠ ನಾಲ್ಕು ವರ್ಷ ನೋಡಿ. "ನೋವಿಲ್ಲ, ಚೆನ್ನಾಗಿದೆ" ಅಂತ ಫೋನಿನಲ್ಲಿ ಹೇಳಿದ್ದನ್ನು ಗೆಲುವು ಅಂತ ಬರೆಯಬೇಡಿ. ಪಲ್ಪ್ ಸದ್ದಿಲ್ಲದೆ ಸಾಯಬಹುದು. ನೋವೇ ಬರದೆ ಬೇರಿನ ತುದಿಯಲ್ಲಿ ಕಪ್ಪು ಬೆಳೆದಿರುತ್ತದೆ.

ಹಲ್ಲು ಗೆದ್ದಿದೆ ಅನ್ನಬೇಕಾದರೆ ಇಷ್ಟೂ ಒಟ್ಟಿಗೆ ಇರಬೇಕು. ತಾನಾಗಿ ನೋವಿಲ್ಲ, ತಟ್ಟಿದರೆ ನೋವಿಲ್ಲ, ಊತ ಮತ್ತು ಕೀವಿನ ಗುಳ್ಳೆ ಇಲ್ಲ. ತಣ್ಣನೆ ಪರೀಕ್ಷೆಗೆ ಪಕ್ಕದ ಹಲ್ಲಿನಂತೆಯೇ ಉತ್ತರ ಬರುತ್ತದೆ. ಎಕ್ಸ್-ರೇಯಲ್ಲಿ ಲಿಗಮೆಂಟ್ ಗೆರೆ ಸಮವಾಗಿದೆ, ತುದಿಯಲ್ಲಿ ಕಪ್ಪಿಲ್ಲ, ಬೇರಿನ ಒಳಗಾಗಲಿ ಹೊರಗಾಗಲಿ ಕರಗಿದ ಗುರುತಿಲ್ಲ. ಪೂರ್ತಿ ಪಲ್ಪಾಟಮಿ ಮಾಡಿದ್ದರೆ ತಣ್ಣನೆ ಪರೀಕ್ಷೆ ನಂಬಬೇಡಿ. ಕಿರೀಟದಲ್ಲಿ ಪಲ್ಪೇ ಇಲ್ಲದಾಗ ಉತ್ತರ ಬರದಿರುವುದು ಸಹಜ. ಅಲ್ಲಿ ಎಕ್ಸ್-ರೇ ಮತ್ತು ಹಲ್ಲಿನ ಲಕ್ಷಣಗಳೇ ಆಧಾರ.

ಡೆಂಟಿನ್ ಬ್ರಿಡ್ಜ್ ಬಗ್ಗೆ ಎರಡು ಮಾತು. ಎಕ್ಸ್-ರೇಯಲ್ಲಿ ಬ್ರಿಡ್ಜ್ ಕಂಡರೆ ಖುಷಿಯೇ, ಆದರೆ ಅದರ ಕೆಳಗಿನ ಪಲ್ಪ್ ಚೆನ್ನಾಗಿದೆ ಅನ್ನುವುದಕ್ಕೆ ಅದೊಂದೇ ಸಾಕ್ಷಿಯಲ್ಲ. ಕಾಣದಿದ್ದರೆ ಸೋತಿದೆ ಅಂತಲೂ ಅಲ್ಲ, ಸಿಮೆಂಟಿನ ನೆರಳಿನಲ್ಲಿ ತೆಳ್ಳನೆ ಪದರ ಮರೆಯಾಗಬಹುದು. ಕೆನಾಲ್ ಕಿರಿದಾಗುತ್ತಾ ಬಂದರೂ ಅದನ್ನೇ ಸೋಲು ಅನ್ನಬೇಡಿ. ಮುಂದೆ ರೂಟ್ ಕೆನಾಲ್ ಬೇಕಾದರೆ ದಾರಿ ಸಿಗುವುದು ಕಷ್ಟ, ಅದಕ್ಕಾಗಿ ಬರೆದಿಟ್ಟುಕೊಳ್ಳಿ.

ನಿಮ್ಮ ಲೆಕ್ಕ ಇಡುವಾಗ ವಾಪಸ್ ಬಾರದವರನ್ನು ಗೆದ್ದವರ ಸಾಲಿಗೆ ಸೇರಿಸಬೇಡಿ. 20 ಹಲ್ಲು ಮಾಡಿದಿರಿ, ವರ್ಷದ ಮೇಲೆ 12 ಜನ ಬಂದರು, 11 ಹಲ್ಲು ಚೆನ್ನಾಗಿವೆ ಅಂತಿಟ್ಟುಕೊಳ್ಳಿ. "20ರಲ್ಲಿ ಒಂದೇ ಸೋತಿದ್ದು" ಅನ್ನುವುದು ಸುಳ್ಳು ಲೆಕ್ಕ. ನೋಡಿದ 12ರಲ್ಲಿ 11 ಗೆದ್ದಿವೆ, 8ರ ಗತಿ ಗೊತ್ತಿಲ್ಲ ಅಂತಲೇ ಬರೆಯಿರಿ.

36ರ ಹುಡುಗಿಗೆ ಮೂರು ದಿನ ಸಣ್ಣ ನೋವಿತ್ತು, ಎರಡು ಮಾತ್ರೆ ತೆಗೆದುಕೊಂಡಿದ್ದಳು. 6 ತಿಂಗಳಿಗೆ ತಣ್ಣಗೆ ಇಟ್ಟಾಗ ಉತ್ತರ ಬಂತು, 35ಕ್ಕಿಂತ ಸ್ವಲ್ಪ ಮಂದ, ಉಳಿಯಲಿಲ್ಲ. 12 ತಿಂಗಳಿಗೆ ಲಿಗಮೆಂಟ್ ಗೆರೆ ಮೊದಲ ಫಿಲ್ಮ್‌ನಲ್ಲಿ ಇದ್ದಂತೆಯೇ ಇತ್ತು. ಬ್ರಿಡ್ಜ್ ಇದೆ ಅಂತ ಖಚಿತವಾಗಿ ಹೇಳುವಷ್ಟು ಕಾಣಲಿಲ್ಲ, ಹಾಗೆಯೇ ಬರೆದೆ. ಎರಡನೇ ವರ್ಷ ಕಾಂಪೋಸಿಟ್‌ನ ಮುಂದಿನ ಅಂಚಿನಲ್ಲಿ ಸಣ್ಣ ಕಂದು ಗೆರೆ ಕಂಡಿತು. ಎಕ್ಸ್‌ಪ್ಲೋರರ್ ಅಲ್ಲಿ ಸಿಕ್ಕಿಕೊಂಡಿತು. ನೋವಿರಲಿಲ್ಲ, ತಣ್ಣನೆ ಪರೀಕ್ಷೆ ಸರಿ ಇತ್ತು. ಅದೇ ದಿನ ಡ್ಯಾಮ್ ಹಾಕಿ ಆ ಅಂಚನ್ನಷ್ಟೇ ತೆಗೆದು ಮತ್ತೆ ಮುಚ್ಚಿದೆ. ಹೊಸ ಐಒಪಿಎ ಹಳೆಯ ನಾಲ್ಕರ ಪಕ್ಕ ಫೈಲಿಗೆ ಸೇರಿತು, ಮೂರನೇ ವರ್ಷದ ತಾರೀಖು ಬರೆದು ಕೊಟ್ಟೆ.